ಮಲ್ಲನಮೂಲೆಯಲ್ಲಿ ನಿಂತ ಬತ್ತೇರಿ ಬಸ್ಸು

ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಬಸ್ಸಿನಲ್ಲಿ ಹೆಚ್ಚುಕಮ್ಮಿ ಮೂರು ಗಂಟೆ ದಾರಿ. ನಂಜನಗೂಡು, ಬೇಗೂರು, ಗುಂಡ್ಲುಪೇಟೆ, ಆಮೇಲೆ ಮದ್ದೂರು ಚೆಕ್‌ಪೋಸ್ಟ್ ದಾಟಿ ಬಂಡೀಪುರದ ಕಾಡು, ಕಾಡು ಮುಗಿದರೆ ಕೇರಳ. ಜುಲೈ ಕೊನೆಯ ವಾರದ ಒಂದು ಮಧ್ಯಾಹ್ನ 3 ಗಂಟೆಗೆ ಹೊರಟ ಬಸ್ಸು 6ಕ್ಕೆ ಬತ್ತೇರಿ ಸೇರಬೇಕಿತ್ತು. ಸೇರಿದ್ದು ಮಾರನೇ ದಿನ ಬೆಳಗ್ಗೆ 7.35ಕ್ಕೆ. ನಾನೂ ಅದರಲ್ಲಿದ್ದೆ, ಬಾಗಿಲಿನ ಹಿಂದಿನ ಎರಡನೇ ಸೀಟಿನಲ್ಲಿ, ಕಂಡಕ್ಟರ್ ಆಡಿದ ಮಾತೆಲ್ಲ ಕಿವಿಗೆ ಬೀಳುವಷ್ಟು ಹತ್ತಿರ.

ಮಳೆಗಾಲದಲ್ಲಿ ಬಸ್ಸು ತಡವಾಗೋದು ದೊಡ್ಡ ಸುದ್ದಿಯಲ್ಲ. ಆದರೆ ಆ ದಿನ ಬಸ್ಸಿನೊಳಗೆ ಗಂಟೆಗೊಂದು ಲೆಕ್ಕ ಹುಟ್ಟುತ್ತಿತ್ತು, ಮುಂದಿನ ಗಂಟೆಗೆ ಸಾಯುತ್ತಿತ್ತು. ಯಾರ ಲೆಕ್ಕ ಯಾಕೆ ತಪ್ಪಿತು, ಯಾರದ್ದು ಯಾಕೆ ಸರಿಯಾಯಿತು ಅನ್ನೋದನ್ನ ಬರೆದಿಡೋಣ ಅನ್ನಿಸಿತು.

ಬಸ್ಸು ನಿಂತಿದ್ದು 3.40ಕ್ಕೆ, ನಂಜನಗೂಡಿನ ಹೊರಗೆ ಮಲ್ಲನಮೂಲೆ ಮಠದ ಹತ್ತಿರ. ಈ ಜಾಗ ಗೊತ್ತಿದ್ದವರಿಗೆ ಗೊತ್ತು: ಹೆದ್ದಾರಿ ಅಲ್ಲಿ ತಗ್ಗು, ಪಕ್ಕದಲ್ಲೇ ಕಪಿಲಾ ಹೊಳೆ, ಅಂದರೆ ಕಬಿನಿಯೇ. ಕಬಿನಿ ಜಲಾಶಯದಿಂದ ಜೋರಾಗಿ ನೀರು ಬಿಟ್ಟ ವರ್ಷ ಹೊಳೆ ರಸ್ತೆಗೇ ಬಂದುಬಿಡುತ್ತದೆ. 2018ರಲ್ಲಿ ಬಂದಿತ್ತು, 2019ರಲ್ಲೂ ಬಂತು, 2024ರಲ್ಲೂ. ನಮ್ಮ ಮುಂದೆ ಒಂದಿಪ್ಪತ್ತು ಕಾರು, ಎರಡು ಲಾರಿ, ಅದರಾಚೆ ಬ್ಯಾರಿಕೇಡು, ಬ್ಯಾರಿಕೇಡಿನಾಚೆ ಕಂದು ನೀರು. ಅಲ್ಲಿ ಮಳೆ ಬರುತ್ತಿರಲಿಲ್ಲ ಅನ್ನೋದೇ ವಿಚಿತ್ರ. ಬಿಸಿಲೇ ಇತ್ತು ಅನ್ನಬಹುದು. ಹಾಗಾಗಿ ಬಸ್ಸಿನಲ್ಲಿದ್ದವರಿಗೆಲ್ಲ ಇದು ಪ್ರವಾಹ ಅನ್ನಿಸಲೇ ಇಲ್ಲ, ಟ್ರಾಫಿಕ್ ಜಾಮ್ ಅನ್ನಿಸಿತು.

ಮೊದಲ ಲೆಕ್ಕ ಹುಟ್ಟಿದ್ದು ಅಲ್ಲೇ. ನಾಲ್ಕು ಗಂಟೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅರ್ಧ ಗಂಟೆ ಲೇಟ್, ಆರೂವರೆಗೆ ಬತ್ತೇರಿ. ನನ್ನ ಪಕ್ಕದ ಕಾಲೇಜು ಹುಡುಗ ಫೋನಿನಲ್ಲಿ ಮ್ಯಾಪ್ ತೆಗೆದು ತೋರಿಸಿದ. 6.22 ಅಂತಿತ್ತು. ಹತ್ತು ನಿಮಿಷ ಬಿಟ್ಟು ನೋಡಿದರೆ 6.32. ಇನ್ನೊಂದು ಹತ್ತು ನಿಮಿಷಕ್ಕೆ 6.42. ಹುಡುಗ ಅದನ್ನು ನಂಬಿಕೊಂಡೇ ಮನೆಗೆ ಮೆಸೇಜ್ ಮೇಲೆ ಮೆಸೇಜ್ ಹಾಕುತ್ತಿದ್ದ. ಸ್ವಲ್ಪ ಯೋಚನೆ ಮಾಡಿದರೆ ವಿಷಯ ಗೊತ್ತಾಗುತ್ತಿತ್ತು. ಗಡಿಯಾರದಲ್ಲಿ ಒಂದು ನಿಮಿಷ ಕಳೆದರೆ ಮ್ಯಾಪಿನಲ್ಲೂ ಒಂದೇ ನಿಮಿಷ ಸೇರುತ್ತಿದೆ ಅಂದರೆ, ರಸ್ತೆ ಮುಚ್ಚಿದೆ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ‘ಈಗಲೇ ಹೊರಟರೆ’ ಎಷ್ಟು ಹೊತ್ತಿಗೆ ಅಂತ ಹೇಳುತ್ತಿದೆ ಅಷ್ಟೇ. ನಾವು ಹೊರಡುತ್ತಿರಲಿಲ್ಲವಲ್ಲ!

ಸುಮಾರು ನಾಲ್ಕೂವರೆಗೆ ಜನ ಕೆಳಗಿಳಿದರು. ಡ್ರೈವರ್ ಆಗಲೇ ನೀರಿನ ತನಕ ನಡೆದುಕೊಂಡು ಹೋಗಿ ಬಂದಿದ್ದರು. ಒಬ್ಬರು ಕೇಳಿದರು, “ಅಣ್ಣ, ಬಸ್ಸು ಇಷ್ಟು ಎತ್ತರ ಇದೆ, ಒಂದಡಿ ನೀರಲ್ವಾ, ಹೋಗಬಹುದಲ್ಲ?” ಡ್ರೈವರ್ ರಸ್ತೆ ಅಂಚಿನ ಕಡೆ ಕೈ ತೋರಿಸಿದರು. ಅಂಚಿನಲ್ಲಿ ಬಿಳಿ ಬಣ್ಣ ಹೊಡೆದ ಕಲ್ಲುಗಳು ಸಾಲಾಗಿದ್ದವು. ಮೊದಲ ಮೂರು ಪೂರ್ತಿ ಕಾಣುತ್ತಿದ್ದವು, ನಾಲ್ಕನೆಯದರ ನೆತ್ತಿ ಮಾತ್ರ, ಐದನೆಯದು ಕಾಣುತ್ತಲೇ ಇರಲಿಲ್ಲ. “ಅದು ಕಾಣದೇ ಇದ್ರೆ ರಸ್ತೆ ಎಲ್ಲಿ ಮುಗೀತು, ಗದ್ದೆ ಎಲ್ಲಿ ಶುರುವಾಯ್ತು ಅಂತ ನಂಗೇನು ಗೊತ್ತು ಸಾರ್? ನಿಂತ ನೀರಾದ್ರೆ ಬೇರೆ. ಇದು ಅಡ್ಡ ಹರೀತಿದೆ ನೋಡಿ.” ನೋಡಿದರೆ ಹೌದು, ಒಂದು ಬಾಳೆ ಎಲೆ ರಸ್ತೆಯ ಎಡಗಡೆಯಿಂದ ಬಲಗಡೆಗೆ ನಿಧಾನಕ್ಕೆ ತೇಲಿಕೊಂಡು ಹೋಗುತ್ತಿತ್ತು. ಹರಿಯುವ ನೀರಿನ ಅಡಿಯಲ್ಲಿ ಟಾರು ಕಿತ್ತು ಹೋಗಿದ್ದರೂ ಮೇಲಿನಿಂದ ತಿಳಿಯುವುದಿಲ್ಲ. ಅವರು ಮತ್ತೆ ಆ ವಿಷಯಕ್ಕೆ ಬಾಯೇ ತೆಗೆಯಲಿಲ್ಲ, ಬಂದು ಸ್ಟೀರಿಂಗ್ ಮುಂದೆ ಕೂತು ಕಡ್ಲೆಕಾಯಿ ಸುಲಿಯೋಕೆ ಶುರು ಮಾಡಿದರು.

ಆ ಹೊತ್ತಿನಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಕೆಲಸ ಮಾಡಿದ್ದು ಒಬ್ಬರು ಹಿರಿಯರು. ನೀರಾವರಿ ಕಡೆ ಕೆಲಸ ಮಾಡಿ ರಿಟೈರ್ ಆದವರಂತೆ, ಗುಂಡ್ಲುಪೇಟೆಗೆ ಮಗಳ ಮನೆಗೆ ಹೊರಟಿದ್ದರು. ಕಾಲೇಜು ಹುಡುಗನನ್ನು ಕರೆದು, “ನೀರು ಎಲ್ಲಿಗೆ ಮುಟ್ಟಿದೆಯೋ ಅಲ್ಲೊಂದು ಕಲ್ಲಿಡಪ್ಪ” ಅಂದರು. ಹುಡುಗ ಅರ್ಧ ಇಟ್ಟಿಗೆ ತಂದು ನೀರಿನ ಅಂಚಿಗೆ ಸರಿಯಾಗಿ ಟಾರಿನ ಮೇಲೆ ಇಟ್ಟ. ಕಾಲು ಗಂಟೆ ಆದ ಮೇಲೆ ಹೋಗಿ ನೋಡಿದರೆ ಇಟ್ಟಿಗೆ ಒದ್ದೆ. ನೀರು ಅದನ್ನು ದಾಟಿ ಎರಡು ಗೇಣು ಈಚೆಗೆ ಬಂದಿತ್ತು. ರಸ್ತೆ ಅಲ್ಲಿ ಬಹಳ ಸಣ್ಣ ಇಳಿಜಾರು, ಹಾಗಾಗಿ ಎರಡು ಗೇಣು ಮುಂದೆ ಬಂತು ಅಂದರೆ ಎತ್ತರದಲ್ಲಿ ಬೆರಳಿನಷ್ಟೂ ಏರಿರಲಿಕ್ಕಿಲ್ಲ. ಆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದು ಖಚಿತವಾಯಿತು. “ಇಳಿಯೋ ನೀರಿಗೆ ಕಾಯಬಹುದು, ಏರೋ ನೀರಿಗೆ ಕಾಯೋದು ಹೆಂಗೆ?” ಅಂದರು. ಐದು ಗಂಟೆಗೆ ‘ಆರೂವರೆ’ ಅನ್ನುವ ಲೆಕ್ಕ ಸತ್ತಿತು. ಹೊಸ ಲೆಕ್ಕ: ಇನ್ನೊಂದು ಗಂಟೆ ಸೇರಿಸಿ, ಏಳೂವರೆ.

ಇಲ್ಲೇ ಗಮನಿಸಬೇಕಾದ ವಿಷಯ ಬರೋದು. ಎಲ್ಲರೂ ಲೆಕ್ಕ ಮಾಡುತ್ತಿದ್ದದ್ದು ಮುಂದಕ್ಕೆ. ಈಗ ಎಷ್ಟು ಗಂಟೆ, ಎಷ್ಟು ಹೊತ್ತು ನಿಲ್ಲಬಹುದು, ಆಮೇಲೆ ಉಳಿದ ದಾರಿ ಎಷ್ಟು, ಕೂಡಿಸು. ಒಂದು ಗಂಟೆ ನಿಂತರೆ ಒಂದು ಗಂಟೆ ಲೇಟ್. ಕಂಡಕ್ಟರ್ ಮಾತ್ರ ಹಿಂದಕ್ಕೆ ಎಣಿಸುತ್ತಿದ್ದರು.

ಮುಂದಿನ ಸೀಟಿನಲ್ಲಿ ಒಬ್ಬ ನರ್ಸ್ ಇದ್ದರು. ಬತ್ತೇರಿಯ ಒಂದು ಆಸ್ಪತ್ರೆಯಲ್ಲಿ ಕೆಲಸ, ರಾತ್ರಿ 8ಕ್ಕೆ ಡ್ಯೂಟಿ. ಏಳೂವರೆಗೆ ಹೋದರೂ ಸಾಕು ಅಂತ ಸಮಾಧಾನದಲ್ಲಿದ್ದರು. ಕಂಡಕ್ಟರ್ ಟಿಕೆಟ್ ಮೆಷಿನ್ ಪಕ್ಕಕ್ಕಿಟ್ಟು ಅವರಿಗೆ ಹೇಳಿದ್ದು ನನಗೆ ಕೇಳಿಸಿತು: “ಅಮ್ಮಾ, ಏಳೂವರೆ ಎಂಟು ಅಂತ ಇಟ್ಕೋಬೇಡಿ. ಮದ್ದೂರು ಗೇಟು ಒಂಬತ್ತಕ್ಕೆ ಬಂದ್. ಗುಂಡ್ಲುಪೇಟೆಯಿಂದ ಗೇಟಿಗೆ ಇಪ್ಪತ್ತು ನಿಮಿಷ. ಸ್ಟ್ಯಾಂಡಲ್ಲಿ ಐದು ನಿಮಿಷ. ನಂಜನಗೂಡಿಂದ ಗುಂಡ್ಲುಪೇಟೆಗೆ ಐವತ್ತು. ಅಂದ್ರೆ ನೀರಿನ ಆ ಕಡೆಯಿಂದ ನಾವು ಏಳು ಮುಕ್ಕಾಲಿಗೆ ಹೊರಟಿರಬೇಕು. ನಾನು ಏಳೂವರೆ ಅಂತ ಇಟ್ಕೊಂಡಿದೀನಿ. ಅಷ್ಟ್ರೊಳಗೆ ದಾಟಿದ್ರೆ ಇವತ್ತು ರಾತ್ರಿ ಬತ್ತೇರಿ. ಇಲ್ಲಾಂದ್ರೆ ನಾಳೆ ಬೆಳಗ್ಗೆ. ಮಧ್ಯದಲ್ಲಿ ಏನೂ ಇಲ್ಲ.”

ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಕಾಡಿನ ರಸ್ತೆ ಬಂದ್. ಬತ್ತೇರಿ ಕಡೆಗೆ ಮದ್ದೂರಿನಲ್ಲಿ ತಡೆಯುತ್ತಾರೆ, ಊಟಿ ಕಡೆಗೆ ಮೇಲುಕಾಮನಹಳ್ಳಿಯಲ್ಲಿ. ಆಂಬುಲೆನ್ಸ್ ಬಿಡುತ್ತಾರೆ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಪ್ರತ್ಯೇಕ ಅನುಮತಿ ಇದೆ, ಉಳಿದವರು ಆರು ಗಂಟೆ ತನಕ ಕಾಯಬೇಕು. ನಮ್ಮದು ಮಧ್ಯಾಹ್ನದ ಬಸ್ಸು, ಅನುಮತಿ ಇರೋ ಮಾತೇ ಇಲ್ಲ.

ಹಾಗಾಗಿ ಈ ಬಸ್ಸಿನ ತಡ ಅನ್ನೋದು ಒಂದೇ ಸಮನೆ ಏರುವ ಇಳಿಜಾರಲ್ಲ, ಮೆಟ್ಟಿಲು. ಏಳು ಗಂಟೆಗೆ ನೀರು ದಾಟಿದರೆ ಬತ್ತೇರಿ ಒಂಬತ್ತೂಕಾಲು. ಏಳೂವರೆಗೆ ದಾಟಿದರೆ ಒಂಬತ್ತು ಮುಕ್ಕಾಲು. ಎಂಟಕ್ಕೆ ದಾಟಿದರೆ ಹತ್ತೂಕಾಲು ಅಲ್ಲ, ಮರುದಿನ ಏಳೂವರೆ. ಅರ್ಧ ಗಂಟೆಗೆ ಹತ್ತು ಗಂಟೆಯ ದಂಡ. ಮುಂದಕ್ಕೆ ಕೂಡಿಸುವವರ ಕಣ್ಣಿಗೆ ಈ ಮೆಟ್ಟಿಲು ಬೀಳೋದೇ ಇಲ್ಲ, ಯಾಕೆಂದರೆ ಅದು ಎಪ್ಪತ್ತೈದು ನಿಮಿಷ ಮುಂದೆ ಇನ್ನೆಲ್ಲೋ ಇದೆ. ನಿಂತಿರೋದು ಮಲ್ಲನಮೂಲೆಯಲ್ಲಿ, ತಡ ನಿರ್ಧಾರವಾಗೋದು ಮದ್ದೂರಿನಲ್ಲಿ.

ನರ್ಸ್ ತಕ್ಷಣ ಫೋನ್ ತೆಗೆದು ಡ್ಯೂಟಿ ಬದಲಾಯಿಸಿಕೊಂಡರು. ಐದೂಕಾಲಿಗೆ. ಏಳೂವರೆ ತನಕ ಕಾದು ಮಾಡಿದ್ದರೆ ಯಾರೂ ಸಿಗುತ್ತಿರಲಿಲ್ಲ. ಗೆಳತಿ ಆಗಷ್ಟೇ ಮಧ್ಯಾಹ್ನದ ನಿದ್ದೆಯಿಂದ ಎದ್ದಿದ್ದಳಂತೆ, ಬೈದುಕೊಂಡೇ ಒಪ್ಪಿಕೊಂಡಳು. ಇಡೀ ಬಸ್ಸಿನಲ್ಲಿ ತಡದಿಂದ ಅತಿ ಕಡಿಮೆ ನಷ್ಟ ಆದವರು ಬಹುಶಃ ಇವರೇ.

ಗುಂಡ್ಲುಪೇಟೆಯವರದ್ದು ಬೇರೆಯೇ ಲೋಕ. ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಅವರೇ. ಅವರಿಗೆ ಗೇಟು ಅಡ್ಡ ಬರುವುದಿಲ್ಲ, ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಒಬ್ಬ ತರಕಾರಿ ವ್ಯಾಪಾರಿ ಖಾಲಿ ಚೀಲಗಳ ಗಂಟಿನ ಮೇಲೆ ಕಾಲಿಟ್ಟುಕೊಂಡು, “ರಾತ್ರಿ ಹನ್ನೊಂದಾದ್ರೂ ಪರವಾಗಿಲ್ಲ, ಮಂಡಿ ಇರೋದು ಬೆಳಗ್ಗೆ” ಅಂತ ನಿದ್ದೆ ಹೋದರು. ಅದೇ ಬಸ್ಸು, ಅದೇ ನೀರು. ಬತ್ತೇರಿಯವರು ಅವರನ್ನು ನೋಡಿ ಸಿಟ್ಟಾಗಿದ್ದೂ ಉಂಟು.

ಆರು ಗಂಟೆ ಹೊತ್ತಿಗೆ ಕ್ಯೂಸೆಕ್ ಬಂತು. ವಾಟ್ಸಾಪಿನಲ್ಲಿ ಯಾರಿಗೋ ಒಂದು ಫಾರ್ವರ್ಡ್: ಕಬಿನಿಯಿಂದ ಇಷ್ಟು ಸಾವಿರ ಕ್ಯೂಸೆಕ್ ಅಂತ. ಇನ್ನೊಬ್ಬರ ಫೋನಿನಲ್ಲಿ ಅದಕ್ಕಿಂತ ಹತ್ತು ಸಾವಿರ ಕಡಿಮೆ. ಜಗಳ ಶುರು. ಹಿರಿಯರು ಎರಡೂ ಮೆಸೇಜ್ ಓದಿಸಿಕೊಂಡು, ಎಷ್ಟು ಗಂಟೆಯದ್ದು ಅಂತ ಕೇಳಿದರು. ಕಡಿಮೆ ಇದ್ದದ್ದು ಬೆಳಗ್ಗೆ ಎಂಟರದ್ದು, ಜಾಸ್ತಿ ಇದ್ದದ್ದು ಮಧ್ಯಾಹ್ನ ಎರಡರದ್ದು. “ಎರಡೂ ಸರಿ. ಆದರೆ ಈಗ ಇಲ್ಲಿ ನೋಡ್ತಿರೋದು ಬೆಳಗ್ಗಿನ ನೀರು. ಮಧ್ಯಾಹ್ನದ ನೀರು ಇನ್ನೂ ದಾರೀಲಿದೆ.” ಡ್ಯಾಮು ಇರುವುದು ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ. ಅಲ್ಲಿಂದ ಬಿಟ್ಟ ನೀರು ನಂಜನಗೂಡು ಮುಟ್ಟೋಕೆ ಎಷ್ಟು ಗಂಟೆ ಅನ್ನೋದಕ್ಕೆ ರಸ್ತೆಯಲ್ಲಿ ನಿಂತಿದ್ದ ಊರಿನವರು ಒಬ್ಬರು ಆರು ಅಂದರು, ಇನ್ನೊಬ್ಬರು ಹತ್ತು ಅಂದರು. ಯಾವುದೇ ಆದರೂ ನಮ್ಮ ಏಳೂವರೆಯೊಳಗೆ ನೀರು ಇಳಿಯುವ ಲಕ್ಷಣ ಇರಲಿಲ್ಲ.

ಆಮೇಲೆ ಹಿರಿಯರು ಮಾಡಿದ ಸಣ್ಣ ಗಣಿತ ನನಗೆ ಇವತ್ತಿಗೂ ನೆನಪಿದೆ. ಕಬಿನಿ ಚಿಕ್ಕ ಜಲಾಶಯ, ಪೂರ್ತಿ ತುಂಬಿದರೂ 19.52 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 70,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 70,000 ಘನ ಅಡಿ, ಬಂದರೆ ದಿನಕ್ಕೆ ಆರು ಟಿಎಂಸಿ ಚಿಲ್ಲರೆ. ಆ ವೇಗದಲ್ಲಿ ಒಳಗೆ ಬರುತ್ತಿದ್ದರೆ ಖಾಲಿ ಡ್ಯಾಮೂ ಮೂರೂಕಾಲು ದಿನದಲ್ಲಿ ಭರ್ತಿ. ಜುಲೈ ಕೊನೆಗೆ ಅದು ಹೆಚ್ಚುಕಮ್ಮಿ ತುಂಬಿಯೇ ಇರುತ್ತದೆ, ತಡೆದು ಇಟ್ಟುಕೊಳ್ಳೋಕೆ ಜಾಗವೇ ಇರಲ್ಲ. ಬಂದಷ್ಟು ಬಿಡಲೇಬೇಕು. “ಹಾಗಾಗಿ ಡ್ಯಾಮಿನವರನ್ನ ಬೈದು ಪ್ರಯೋಜನ ಇಲ್ಲ. ಮಳೆ ಎಲ್ಲಿ ಬೀಳ್ತಿದೆ ಅಂತ ಕೇಳಿ.”

ಮಳೆ ಬೀಳುತ್ತಿದ್ದದ್ದು ವಯನಾಡಿನಲ್ಲಿ. ಅಂದರೆ ನಾವು ಹೊರಟಿದ್ದ ಕಡೆಯಲ್ಲೇ. ಕಬಿನಿಗೆ ನೀರು ಬರೋದೇ ಮಾನಂದವಾಡಿ, ಪನಮರಂ ಕಡೆಯಿಂದ. ನರ್ಸ್ ಮನೆ ಪನಮರಂ ಹತ್ತಿರವಂತೆ. ಅಮ್ಮನಿಗೆ ಫೋನ್ ಮಾಡಿದರು. ಮಲಯಾಳಂನಲ್ಲಿ ಮಾತಾಡಿ, ಇಟ್ಟು, ನಮಗೆ ಕನ್ನಡದಲ್ಲಿ ಹೇಳಿದರು: ಬೆಳಗ್ಗೆಯಿಂದ ಬಿಟ್ಟಿಲ್ಲ, ತೋಟದೊಳಗೆ ಹೊಳೆ ಬಂದಿದೆ, ಕರೆಂಟಿಲ್ಲ. ಆ ಸಂಜೆ ಬಸ್ಸಿಗೆ ಸಿಕ್ಕಿದ ಮಾಹಿತಿಯಲ್ಲೆಲ್ಲ ತುಂಬಾ ಬೆಲೆಬಾಳುವಂಥದ್ದು ಇದೇ. ಯಾಕೆಂದರೆ ಇದು ನಾಳೆಯ ನೀರಿನ ಸುದ್ದಿ. ಅವರಮ್ಮನ ತೋಟದಲ್ಲಿ ಇರೋ ನೀರು ಡ್ಯಾಮಿಗೆ ಬಂದು, ಡ್ಯಾಮಿನಿಂದ ಇಲ್ಲಿಗೆ ಬರಬೇಕು. ಅಂದರೆ ಈ ರಸ್ತೆ ಇವತ್ತು ತೆರೆಯೋದಿಲ್ಲ, ನಾಳೆಯೂ ಕಷ್ಟ. ಆರೂಕಾಲಿಗೆ ‘ನೀರು ಇಳಿದ ಮೇಲೆ’ ಅನ್ನುವ ಲೆಕ್ಕವೇ ಬಿದ್ದುಹೋಯಿತು. ಇನ್ನು ಉಳಿದದ್ದು ಬೇರೆ ದಾರಿ.

ಬೇರೆ ದಾರಿ ಅಂದಾಗ ಮ್ಯಾಪಿನಲ್ಲಿ ಗೆರೆಗಳು ಬೇಕಾದಷ್ಟು ಕಾಣುತ್ತವೆ. ತಿ. ನರಸೀಪುರಕ್ಕೆ ಹೋಗಿ ಚಾಮರಾಜನಗರದ ಮೇಲೆ ಗುಂಡ್ಲುಪೇಟೆಗೆ ಬರಬಹುದು ಅಂತ ಒಬ್ಬರು. ಆದರೆ ಮೈಸೂರಿನಿಂದ ದಕ್ಷಿಣಕ್ಕೆ ಯಾವ ಕಡೆಯಿಂದ ಹೋದರೂ ಕಪಿಲೆಯನ್ನು ಒಂದಲ್ಲ ಒಂದು ಕಡೆ ದಾಟಲೇಬೇಕು. ಅದು ಕಾವೇರಿ ಸೇರೋದು ತಿ. ನರಸೀಪುರದಲ್ಲೇ, ಇಲ್ಲಿಂದ ಕೆಳಗೆ. ಇಲ್ಲಿನ ನೀರು ಇನ್ನಷ್ಟು ಹೊತ್ತಿಗೆ ಅಲ್ಲಿರುತ್ತದೆ. ಸೇತುವೆ ತೆರೆದಿದ್ದರೂ, ವಾಪಸ್ ಮೈಸೂರಿಗೆ ಹೋಗಿ ಆ ಸುತ್ತು ಹಾಕಿದರೆ ಒಂಬತ್ತಕ್ಕೆ ಮದ್ದೂರು ಅಸಾಧ್ಯ.

ಎಚ್.ಡಿ. ಕೋಟೆ, ಬಾವಲಿ ಮೇಲೆ ಮಾನಂದವಾಡಿಗೆ ಹೋಗೋಣ ಅಂತ ಇನ್ನೊಬ್ಬರು. ಆ ಕಾಡಿನ ಗೇಟು ಇನ್ನೂ ಬಿಗಿ, ಸಂಜೆ ಆರಕ್ಕೇ ಬಂದ್. ನಾವು ಮಾತಾಡುತ್ತಿದ್ದ ಹೊತ್ತಿಗೆ ಅದು ಮುಚ್ಚಿಯಾಗಿತ್ತು. 3.40ಕ್ಕೇ ಬಸ್ಸು ತಿರುಗಿಸಿದ್ದರೂ ಸಿಗುತ್ತಿದ್ದದ್ದು ಅನುಮಾನ.

ಮೂರನೆಯದು ಹುಣಸೂರು, ಗೋಣಿಕೊಪ್ಪ, ಕುಟ್ಟ ಮೇಲೆ ಮಾನಂದವಾಡಿ, ಅಲ್ಲಿಂದ ಬತ್ತೇರಿ. ರಾತ್ರಿ ತೆರೆದಿರುವ ದಾರಿ ಇದೇ. ಬಂಡೀಪುರ ಮುಚ್ಚಿದಾಗ ವಾಹನಗಳು ಬಳಸಬೇಕಾದ್ದೂ ಇದನ್ನೇ. ಆದರೆ ದೂರ ಜಾಸ್ತಿ, ಮಳೆಯಲ್ಲಿ ಐದಾರು ಗಂಟೆ ಬೇಕು. ಮೈಸೂರಿಗೆ ವಾಪಸ್ ಹೋಗಿ ಏಳಕ್ಕೆ ಹೊರಟರೂ ರಾತ್ರಿ ಒಂದು ಗಂಟೆಗೆ ಬತ್ತೇರಿ. ಕಂಡಕ್ಟರ್ ಡಿಪೋಗೆ ಫೋನ್ ಮಾಡಿ ಕೇಳಿದರು. ಕೊಡಗಿನ ಕಡೆ ಮರ ಬೀಳುತ್ತಿವೆ, ಗುಂಡ್ಲುಪೇಟೆ ಪ್ಯಾಸೆಂಜರ್‌ಗಳನ್ನು ಎಲ್ಲಿ ಬಿಡುತ್ತೀರಿ, ಬೇಡ ಅಂದರು.

ಗಡಿಯಾರ ಮಾತ್ರ ನೋಡಿದರೆ, ಒಂದು ಗಂಟೆ ರಾತ್ರಿ ಅನ್ನೋದು ಮರುದಿನ 7.35ಕ್ಕಿಂತ ಆರೂವರೆ ಗಂಟೆ ಬೇಗ. ಹಾಗಂತ ಡಿಪೋದವರ ನಿರ್ಧಾರ ತಪ್ಪು ಅಂತ ನನಗನ್ನಿಸಲ್ಲ. ಯಾಕೆ ಅಂದರೆ, ಬತ್ತೇರಿಗೆ ಟಿಕೆಟ್ ತೆಗೆದವರಲ್ಲಿ ಬತ್ತೇರಿಯಲ್ಲೇ ಮನೆ ಇದ್ದವರು ಕೆಲವರಷ್ಟೇ. ಹಿಂದಿನ ಸೀಟಿನಲ್ಲಿದ್ದ ಅಜ್ಜಿಗೆ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕಿತ್ತು, ಕೊನೇ ಬಸ್ಸು ಎಂಟೂಕಾಲಿಗೆ. ಅವರ ಮಟ್ಟಿಗೆ ಆರೂವರೆಗೆ ಸೇರೋದೂ ಏಳೂವರೆಗೆ ಸೇರೋದೂ ಒಂದೇ, ಎಂಟೂಕಾಲು ದಾಟಿದ ಮೇಲೆ ರಾತ್ರಿ ಒಂದು ಗಂಟೆಯಾದರೂ ಬೆಳಗ್ಗೆ ಆರಾದರೂ ಒಂದೇ. ಅದರಲ್ಲೂ ಒಂದು ಗಂಟೆಗೆ ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ, ಕರೆಂಟಿಲ್ಲದೆ, ಮಳೆಯಲ್ಲಿ ಇಳಿಸಿದರೆ ಅವರಿಗೆ ಅದು ಬೇಗ ಅಲ್ಲ. ಹೀಗೆ ಒಬ್ಬೊಬ್ಬರಿಗೂ ಅವರವರದ್ದೇ ಮೆಟ್ಟಿಲು. ಕಾಲೇಜು ಹುಡುಗ ಮಾತ್ರ ಯಾವಾಗ ಹೋದರೂ ಸರಿ ಅನ್ನುವ ಸ್ಥಿತಿ, ಆದರೆ ಬಸ್ಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಫೋನ್ ನೋಡಿದವನೂ ಅವನೇ.

ಆರು ಐವತ್ತಕ್ಕೆ ಪೊಲೀಸರು ಬಂದು ಹಳ್ಳಿ ರಸ್ತೆಯಲ್ಲಿ ಸುತ್ತಿ ಇನ್ನೊಂದು ಸೇತುವೆ ಮೇಲೆ ದಾಟಿಸುತ್ತೇವೆ, ಬಸ್ಸುಗಳನ್ನೂ ಬಿಡುತ್ತೇವೆ ಅಂದರು. ಬಸ್ಸಿನಲ್ಲಿ ಕೇಕೆ ಬಿತ್ತು. ಮಾಮೂಲಿ ದಿನ ಆ ಸುತ್ತಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಅಂದರೆ ಏಳೂಕಾಲಿಗೆ ಆಚೆ, ಒಂಬತ್ತಕ್ಕೆ ಮುಂಚೆ ಮದ್ದೂರು, ಒಂಬತ್ತೂವರೆಗೆ ಬತ್ತೇರಿ. ಈ ಸಲದ ಲೆಕ್ಕದಲ್ಲಿ ಎಲ್ಲರೂ ಕಂಡಕ್ಟರ್ ಹಾಗೆ ಹಿಂದಕ್ಕೇ ಎಣಿಸಿದ್ದರು, ಅಷ್ಟರ ಮಟ್ಟಿಗೆ ಬಸ್ಸು ಕಲಿತಿತ್ತು. ಕಂಡಕ್ಟರ್ ಮುಖದಲ್ಲಿ ಮಾತ್ರ ನಗು ಇರಲಿಲ್ಲ. “ನಾವು ಒಬ್ರೇ ಹೋಗ್ತಿಲ್ಲವಲ್ಲ” ಅಂದರು.

ಅದೇ ಆಯಿತು. ಹಿಂದೆ ಮುಂದೆ ಗಾಡಿಗಳು ಸಿಕ್ಕಿಕೊಂಡಿದ್ದ ಹೆದ್ದಾರಿಯಲ್ಲಿ ಬಸ್ಸು ತಿರುಗಿಸೋಕೇ ಹದಿನೈದು ನಿಮಿಷ ಹೋಯಿತು. ಕಂಡಕ್ಟರ್ ಕೆಳಗಿಳಿದು ‘ರೈಟ್, ರೈಟ್, ಹೋಲ್ಡಾನ್’ ಅಂತ ಬಸ್ಸಿನ ಬೆನ್ನು ತಟ್ಟುತ್ತಾ ಇಂಚಿಂಚು ಹಿಂದೆ ಮುಂದೆ ಮಾಡಿಸಿದರು. 7.05ಕ್ಕೆ ಹಳ್ಳಿ ರಸ್ತೆ. ಒಂದೇ ಗಾಡಿ ಹಿಡಿಯುವ ದಾರಿ, ಆ ಕಡೆಯಿಂದ ಅಷ್ಟೇ ಗಾಡಿಗಳು ಈ ಕಡೆಗೆ. ಮೂರು ಗಂಟೆಯಿಂದ ಹೆದ್ದಾರಿಯ ಎರಡೂ ಬದಿಯಲ್ಲಿ ಸೇರಿದ್ದ ಗಾಡಿಗಳೆಲ್ಲ ಈಗ ಆ ಒಂದು ದಾರಿಗೆ ನುಗ್ಗಿದ್ದವು. ಒಂದು ಮೋರಿ ಹತ್ತಿರ ಲಾರಿಯ ಎಡಗಡೆ ಚಕ್ರ ಮಣ್ಣಿಗೆ ಇಳಿದು ನಿಂತಿತು. ಹಳ್ಳಿಯ ಹುಡುಗರು ಟ್ರ್ಯಾಕ್ಟರ್ ತಂದು ಎಳೆದರು. ಸುತ್ತಲೂ ಕತ್ತಲಾಯಿತು, ಸೊಳ್ಳೆ ಒಳಗೆ ಬಂದವು. ಪ್ರತಿ ಐದು ನಿಮಿಷಕ್ಕೊಮ್ಮೆ ಯಾರೋ ಒಬ್ಬರು ಟೈಮ್ ಹೇಳುತ್ತಿದ್ದರು, ಯಾರೂ ಕೇಳಿರದಿದ್ದರೂ. ಏಳೂ ಇಪ್ಪತ್ತು. ಏಳೂ ಮೂವತ್ತು. ಏಳು ನಲವತ್ತೈದಕ್ಕೆ ಹೇಳಿದ ಮೇಲೆ ಯಾರೂ ಹೇಳಲಿಲ್ಲ.

7.55ಕ್ಕೆ ನಂಜನಗೂಡಿನ ಆಚೆ ಮತ್ತೆ ಹೆದ್ದಾರಿ ಸಿಕ್ಕಿತು.

ಲೆಕ್ಕದ ಪ್ರಕಾರ ಹತ್ತು ನಿಮಿಷ ತಡ. ಈಗ ಹೊಸ ಮಾತು ಶುರುವಾಯಿತು: ಸ್ವಲ್ಪ ಜೋರಾಗಿ ಬಿಟ್ಟರೆ ಹತ್ತು ನಿಮಿಷ ಉಳಿಸಬಹುದಲ್ವಾ? ಗುಂಡ್ಲುಪೇಟೆ ಸ್ಟ್ಯಾಂಡಿಗೆ ಹೋಗದೆ ಬೈಪಾಸಲ್ಲೇ ಇಳಿಸಿದರೆ ಐದು ನಿಮಿಷ? ಗೇಟಿನವರು ಎರಡು ನಿಮಿಷ ನೋಡಲ್ವಾ, ಅವರೂ ಮನುಷ್ಯರೇ. ಬತ್ತೇರಿಯ ಇಬ್ಬರು ಡ್ರೈವರ್ ಹಿಂದೆ ನಿಂತು ಒತ್ತಾಯ ಮಾಡಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಒದ್ದೆ ರೋಡು ಸಾರ್, ಕೂತ್ಕೊಳ್ಳಿ” ಅಂದರು ಅಷ್ಟೇ. 35 ಕಿಲೋಮೀಟರಿಗೆ ಐವತ್ತು ನಿಮಿಷ ಅನ್ನೋದು ಈ ಸಂಜೆ ಮಳೆಯಲ್ಲಿ ಆಗಲೇ ಚೆನ್ನಾಗಿ ಓಡಿಸಿದ ಲೆಕ್ಕ. ಅದರಲ್ಲಿ ಹತ್ತು ನಿಮಿಷ ಉಳಿಸಬೇಕಾದರೆ ವೇಗ ಕಾಲು ಭಾಗ ಜಾಸ್ತಿ ಆಗಬೇಕು. ಬೇಗೂರಿನಂಥ ಊರೊಳಗೆ ಅದು ಆಗುವ ಮಾತಲ್ಲ.

ಗುಂಡ್ಲುಪೇಟೆ 8.48. ಇನ್ನು ಗೇಟಿಗೆ ಇಪ್ಪತ್ತು ನಿಮಿಷ, ಗೇಟು ಮುಚ್ಚೋಕೆ ಹನ್ನೆರಡು. ತರಕಾರಿ ವ್ಯಾಪಾರಿ ಎದ್ದು, ಚೀಲದ ಗಂಟು ಹೊತ್ತು, ಎಲ್ಲರಿಗೂ “ಬರ್ತೀನ್ರಪ್ಪ” ಅಂತ ಹೇಳಿ ಇಳಿದು ಹೋದರು. ಹಿರಿಯರು ಇಳಿಯುವಾಗ ಅಜ್ಜಿಯನ್ನು ಮಗಳ ಮನೆಗೆ ಕರೆದರು. “ಒಂದು ರಾತ್ರಿ ತಾನೇ, ಬನ್ನಿ ತಾಯಿ.” ಅಜ್ಜಿ ಚೀಲ ತೆಗೆದುಕೊಂಡು ಹೊರಟೇಬಿಟ್ಟರು. ಬೆಳಗ್ಗೆ ಐದೂವರೆಗೆ ಸ್ಟ್ಯಾಂಡಿನಲ್ಲಿರಿ ಅಂತ ಕಂಡಕ್ಟರ್ ಮೂರು ಸಲ ಹೇಳಿದರು.

ಉಳಿದವರಲ್ಲಿ ಒಂದು ಚಾನ್ಸ್ ನೋಡೋಣ ಅನ್ನೋ ಗುಂಪು ಜೋರಾಗಿತ್ತು. ಹೋಗೋಣ, ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಅಲ್ಲೇ ಕಾಯೋಣ. ಕಂಡಕ್ಟರ್ ಒಪ್ಪಲಿಲ್ಲ, ಅವರ ಕಾರಣ ಗೇಟಿನ ಕಾನೂನು ಅಲ್ಲ. “ಅಲ್ಲಿ ಹೋಗಿ ನಿಂತ್ರೆ ಹೋಟ್ಲಿಲ್ಲ, ಬಾತ್‌ರೂಮಿಲ್ಲ, ಲೈಟಿಲ್ಲ. ಹೆಂಗಸರಿದಾರೆ. ಕಾಡಂಚು, ಆನೆ ರೋಡಿಗೇ ಬರುತ್ತೆ. ಒಂಬತ್ತು ಗಂಟೆ ಕಾಯೋದಾದ್ರೆ ಬಸ್‌ಸ್ಟ್ಯಾಂಡಲ್ಲೇ ಕಾಯೋಣ.” ಬೇಗ ತಲುಪೋಕೆ ಆಗಲ್ಲ ಅಂತ ಖಚಿತವಾದ ಮೇಲೆ ಎಲ್ಲಿ ಕಾಯುತ್ತೇವೆ ಅನ್ನೋದಷ್ಟೇ ನಮ್ಮ ಕೈಲಿರೋದು. ಆಗ ಅವರ ಮೇಲೆ ಸಿಟ್ಟಾದವರು ಅರ್ಧ ಗಂಟೆ ಬಿಟ್ಟು ಬಿಸಿ ಬಿಸಿ ಅನ್ನ ಸಾರು ಊಟ ಮಾಡಿ ಬಂದು ಸೀಟಿನ ಮೇಲೆ ಕಾಲು ಚಾಚಿದ್ದರು.

ಒಂಬತ್ತೂವರೆಗೆ ಕೊನೆಯ ಲೆಕ್ಕ ಆಯಿತು. ಹುಡುಗನ ಪ್ರಕಾರ ಆರಕ್ಕೆ ಗೇಟು, ಏಳಕ್ಕೆ ಬತ್ತೇರಿ. ಕಂಡಕ್ಟರ್ ತಿದ್ದಿದರು: ಗೇಟಿನ ಮುಂದೆ ರಾತ್ರಿಯೆಲ್ಲ ಲಾರಿಗಳು ಸಾಲು ನಿಂತಿರುತ್ತವೆ, ಆರಕ್ಕೆ ತೆಗೆದ ತಕ್ಷಣ ನಮಗೆ ದಾರಿ ಸಿಗಲ್ಲ, ಕಾಡಿನೊಳಗೆ ಲಾರಿ ಹಿಂದೆಯೇ ಹೋಗಬೇಕು, ಅಲ್ಲಲ್ಲಿ ಹಂಪು ಬೇರೆ. ಏಳೂವರೆ ಅಂತ ಇಟ್ಟುಕೊಳ್ಳಿ. ಐದೇ ನಿಮಿಷ ತಪ್ಪಿತು.

ಆ ರಾತ್ರಿ ಫೋನುಗಳೂ ಸುಮ್ಮನಾದವು. ಸಂಜೆಯೆಲ್ಲ ಮನೆಗಳಿಗೆ ‘ಆರೂವರೆ’, ‘ಏಳೂವರೆ’, ‘ಒಂಬತ್ತೂವರೆ’ ಅಂತ ಹೇಳಿ ಹೇಳಿ, ಆ ಕಡೆ ಅನ್ನ ಬೇಯಿಸಿಟ್ಟುಕೊಂಡು ಎದ್ದು ಕೂತವರು ಎಷ್ಟು ಜನರೋ. ನರ್ಸ್ ಮಾತ್ರ ಐದೂಕಾಲಿಗೇ ‘ನಾಳೆ ಬೆಳಗ್ಗೆ ಬರ್ತೀನಿ, ಬೇಗ ಬಂದರೆ ಫೋನ್ ಮಾಡ್ತೀನಿ’ ಅಂತ ಒಂದೇ ಸಲ ಹೇಳಿ ಮುಗಿಸಿದ್ದರು. ಅವರ ಮನೆಯವರು ನಿದ್ದೆ ಮಾಡಿರಬೇಕು.

ಬೆಳಗ್ಗೆ ಐದು ಇಪ್ಪತ್ತಕ್ಕೆ ಅಜ್ಜಿ ಸ್ಟ್ಯಾಂಡಿನಲ್ಲಿದ್ದರು, ಕೈಯಲ್ಲಿ ಹಿರಿಯರ ಮಗಳು ಕಟ್ಟಿಕೊಟ್ಟ ಇಡ್ಲಿ. 6.10ಕ್ಕೆ ಮದ್ದೂರು ಗೇಟು ದಾಟಿದೆವು, ಕಂಡಕ್ಟರ್ ಹೇಳಿದ ಹಾಗೇ ಎರಡು ಕೋಳಿ ಲಾರಿಗಳ ಹಿಂದೆ. ಬತ್ತೇರಿಯಲ್ಲಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಅಜ್ಜಿಗೆ ಎಂಟು ಗಂಟೆಯ ಬಸ್ಸು ಸಿಕ್ಕಿತು.

ಅದೇ ಬಸ್ಸು ವಾಪಸ್ ಮೈಸೂರಿಗೆ ಹೊರಡಬೇಕಿತ್ತು. ಜನ ಆಗಲೇ ಹತ್ತಿ ಕೂತಿದ್ದರು. ಒಬ್ಬರು ಕಿಟಕಿಯಿಂದ ತಲೆ ಹಾಕಿ, ಹನ್ನೊಂದೂವರೆಗೆ ಮೈಸೂರು ಸೇರ್ತೀವಾ, ಮಧ್ಯಾಹ್ನ ರೈಲಿದೆ ಅಂತ ಕೇಳಿದರು. ಕಂಡಕ್ಟರ್ ಟೀ ಕುಡಿಯುತ್ತಿದ್ದರು. “ರೈಲು ಎಷ್ಟು ಗಂಟೆಗೆ ಅಂತ ಮೊದಲು ಹೇಳಿ ಸಾರ್” ಅಂದರು.